ನಿಧನ ಸೂಚನೆ: ಎರಡು ಕಾಲಂನೊಳಗೆ ಏನು ಬರೆಯಬೇಕು, ಹೇಗೆ ಜೋಡಿಸಬೇಕು

ಮನೆಯಲ್ಲಿ ಸಾವು ಸಂಭವಿಸಿದ ಮರುದಿನ ಪತ್ರಿಕೆಗೆ ಕೊಡುವ ನಾಲ್ಕು ಸಾಲನ್ನು ಬರೆಯಲು ಕೂರುವವರು ಸಾಮಾನ್ಯವಾಗಿ ಮೃತರ ಅಳಿಯನೋ ತಮ್ಮನ ಮಗನೋ ಆಗಿರುತ್ತಾರೆ. ಅವರ ಮುಂದಿರುವ ಮೊದಲ ಪ್ರಶ್ನೆ ಭಾಷೆಯದಲ್ಲ, ಆ ಸೂಚನೆ ಯಾವ ಬಗೆಯದು ಎಂಬುದು. ಪತ್ರಿಕೆಯವರು ಸುದ್ದಿಯಾಗಿ ಪ್ರಕಟಿಸುವ ನಿಧನ ವಾರ್ತೆ ಸಂಪಾದಕರ ವಿವೇಚನೆಗೆ ಸೇರಿದ್ದು. ಅದರಲ್ಲಿ ‘ನಮ್ಮ ತಾಯಿ’ ಎಂಬ ಮಾತಿಗೆ ಜಾಗವಿಲ್ಲ, ಬರುವವರಿಗೆ ಆಹ್ವಾನವೂ ಇರುವುದಿಲ್ಲ. ಹಣ ಕೊಟ್ಟು ಹಾಕಿಸುವ ಸೂಚನೆಯಲ್ಲಿ ಮಾತ್ರ ಕುಟುಂಬ ತನ್ನ ಹೆಸರಿನಲ್ಲೇ ಮಾತನಾಡಬಹುದು. ಮಲೆನಾಡಿನಲ್ಲಿ ಮನೆಗಳು ಚದುರಿಕೊಂಡಿರುವುದರಿಂದ ಅಂತ್ಯಕ್ರಿಯೆಗೆ ದೂರದವರು ತಲುಪುವುದು ಅಪರೂಪ. ಹೀಗಾಗಿ ನಿಧನದ ವಿಷಯವನ್ನೂ ಉತ್ತರಕ್ರಿಯೆಯ ಆಹ್ವಾನವನ್ನೂ ಒಂದೇ ಸೂಚನೆಯಲ್ಲಿ ಸೇರಿಸುವುದು ಅನುಕೂಲ. ಇಲ್ಲಿ ವಿವರಿಸುತ್ತಿರುವುದು ಅಂಥದೊಂದನ್ನು.

ತೀರ್ಥಹಳ್ಳಿ ತಾಲ್ಲೂಕಿನ, ಆಗುಂಬೆ ರಸ್ತೆಯ ಮೇಗರವಳ್ಳಿಯ ಆಸುಪಾಸಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. 78 ವರ್ಷದ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು 2025ರ ಜುಲೈ 15ರ ಮಂಗಳವಾರ ರಾತ್ರಿ ತೀರಿಕೊಂಡಿದ್ದಾರೆ. ಪತಿ ಮೊದಲೇ ಗತಿಸಿದ್ದಾರೆ. ಮೊಮ್ಮಗ ಬರೆದುಕೊಟ್ಟ ಮೊದಲ ಕರಡು ‘ವಿಧಿಯ ಕ್ರೂರ ಆಟಕ್ಕೆ ಸಿಲುಕಿ ನಮ್ಮನ್ನೆಲ್ಲ ಶೋಕಸಾಗರದಲ್ಲಿ ಮುಳುಗಿಸಿ ಅಗಲಿದ ಮಮತಾಮಯಿ’ ಎಂದು ಆರಂಭವಾಗುತ್ತದೆ ಎಂದಿಟ್ಟುಕೊಳ್ಳಿ. ಓದುಗನಿಗೆ ಬೇಕಾದ ಹೆಸರು ಈ ವಾಕ್ಯದಲ್ಲಿ ಕಾಣುವ ಹೊತ್ತಿಗೆ ಕಾಲಂನ ಕಾಲುಭಾಗ ಮುಗಿದಿರುತ್ತದೆ. ಮೇಲಾಗಿ ತುಂಬು ಬಾಳು ಬಾಳಿದ ಹಿರಿಯರಿಗೆ ‘ವಿಧಿಯ ಕ್ರೂರ ಆಟ’ ಎಂಬ ಮಾತು ಒಪ್ಪುವುದೂ ಇಲ್ಲ. ಅದನ್ನೆಲ್ಲ ತೆಗೆದ ಮೇಲೆ ಉಳಿಯುವ ಪಠ್ಯ ಇಷ್ಟು:

ನಿಧನ

ಶ್ರೀಮತಿ (ಹೆಸರು)
ನಿವೃತ್ತ ಮುಖ್ಯೋಪಾಧ್ಯಾಯಿನಿ, 78 ವರ್ಷ

ದಿವಂಗತ (ಪತಿಯ ಹೆಸರು) ಅವರ ಪತ್ನಿ, ನಮ್ಮ ತಾಯಿಯವರು ದಿನಾಂಕ 15-07-2025ರ ಮಂಗಳವಾರ ರಾತ್ರಿ ಸ್ವಗೃಹದಲ್ಲಿ ನಿಧನರಾದರು. ಅಂತ್ಯಕ್ರಿಯೆ ಬುಧವಾರ ನೆರವೇರಿತು.

ವೈಕುಂಠ ಸಮಾರಾಧನೆಯು ದಿನಾಂಕ 27-07-2025ರ ಭಾನುವಾರ ಮಧ್ಯಾಹ್ನ 12.30ಕ್ಕೆ ಮೇಗರವಳ್ಳಿ ಸಮೀಪದ (ಊರು) ಸ್ವಗೃಹದಲ್ಲಿ ನಡೆಯಲಿದೆ. ಬಂಧುಮಿತ್ರರು ಆಗಮಿಸಿ ಮೃತರ ಆತ್ಮಕ್ಕೆ ಸದ್ಗತಿ ಕೋರಬೇಕಾಗಿ ವಿನಂತಿ.

ದುಃಖತಪ್ತರು: (ಮಕ್ಕಳು, ಸೊಸೆ, ಅಳಿಯ), ಮೊಮ್ಮಕ್ಕಳು ಹಾಗೂ ಬಂಧುವರ್ಗ
ದೂರವಾಣಿ: (ಒಂದೇ ಸಂಖ್ಯೆ)

ಲಿಂಗಾಯತರ ಮನೆಯಾದರೆ ‘ಲಿಂಗೈಕ್ಯರಾದರು’ ಎಂದೂ ಕಾರ್ಯಕ್ಕೆ ‘ಶಿವಗಣಾರಾಧನೆ’ ಎಂದೂ ಬರೆಯುವುದು ರೂಢಿ. ಯಾವ ಮಾತು ಸಲ್ಲುತ್ತದೆ ಎಂಬುದನ್ನು ಡಿಟಿಪಿ ಅಂಗಡಿಯವರಲ್ಲ, ಮನೆಯ ಹಿರಿಯರು ಹೇಳಬೇಕು.

ಈ ಪಠ್ಯದಲ್ಲಿ ಎಡವುವ ಜಾಗಗಳು ಎರಡು. ‘ದಿವಂಗತ’ ಎಂಬುದು ಯಾರ ಹೆಸರಿನ ಹಿಂದೆ ನಿಲ್ಲುತ್ತದೆ ಎಂಬುದನ್ನು ಗಟ್ಟಿಯಾಗಿ ಓದಿ ನೋಡಬೇಕು. ಸಾಲು ಮುರಿಯುವಾಗ ಅದು ಹಿಂದಿನ ಸಾಲಿನ ಕೊನೆಯಲ್ಲಿ ಉಳಿದುಬಿಟ್ಟರೆ, ದುಃಖತಪ್ತರ ಪಟ್ಟಿಯಲ್ಲಿ ಬದುಕಿರುವ ಮಗನ ಹೆಸರಿಗೂ ತಗಲಿಕೊಂಡಂತೆ ಕಾಣಬಹುದು. ಎರಡನೆಯದು ದಿನದ ಎಣಿಕೆ. ಸಾವು ಸಂಭವಿಸಿದ ದಿನವನ್ನೇ ಒಂದು ಎಂದು ಹಿಡಿದರೆ 15ರಿಂದ ಹದಿಮೂರನೆಯ ದಿನ 27 ಆಗುತ್ತದೆ. ಆದರೆ ಸಾವು ನಡುರಾತ್ರಿಯ ನಂತರ, ಬೆಳಗಾಗುವ ಮುನ್ನ ಆಗಿದ್ದರೆ ಕ್ಯಾಲೆಂಡರಿನ ದಿನಾಂಕ ಬದಲಾಗಿರುತ್ತದೆ; ಪುರೋಹಿತರು ಮಾತ್ರ ತಮ್ಮ ಸಂಪ್ರದಾಯದಂತೆ ಹಿಂದಿನ ದಿನಕ್ಕೇ ಲೆಕ್ಕ ಇಡಬಹುದು. ಕಾರ್ಯದ ದಿನವನ್ನು ಅವರ ಬಾಯಿಂದ ಕೇಳಿ, ವಾರವನ್ನು ಕ್ಯಾಲೆಂಡರಿನಲ್ಲಿ ನೋಡಿ, ಎರಡನ್ನೂ ಒಟ್ಟಿಗೆ ಬರೆದ ಮೇಲೆಯೇ ಪಠ್ಯ ಅಂಗಡಿಗೆ ಹೋಗಲಿ. ದಿನಾಂಕ ಮತ್ತು ವಾರ ಹೊಂದದ ಸೂಚನೆ ನೋಡಿದ ಬಂಧುಗಳು ಯಾವುದನ್ನು ನಂಬಬೇಕೆಂದು ತಿಳಿಯದೆ ದುಃಖದ ಮನೆಗೇ ಫೋನ್ ಮಾಡುತ್ತಾರೆ.

ಹೆಸರುಗಳ ಪಟ್ಟಿಯ ಬಗ್ಗೆ ಮನೆಯಲ್ಲಿ ಮಾತುಕತೆ ನಡೆಯುವುದು ಖಂಡಿತ. ಮಕ್ಕಳನ್ನು ಹುಟ್ಟಿದ ಕ್ರಮದಲ್ಲಿ, ಅವರವರ ಪತಿ ಅಥವಾ ಪತ್ನಿಯೊಂದಿಗೆ ಹೆಸರಿಸಿ, ಉಳಿದವರನ್ನು ‘ಮೊಮ್ಮಕ್ಕಳು ಹಾಗೂ ಬಂಧುವರ್ಗ’ ಎಂಬುದರೊಳಗೆ ಸೇರಿಸಿದರೆ ಯಾರನ್ನೂ ಬಿಟ್ಟಂತಾಗುವುದಿಲ್ಲ. ಒಬ್ಬ ಮೊಮ್ಮಗನ ಹೆಸರು ಹಾಕಿದರೆ ಎಲ್ಲ ಮೊಮ್ಮಕ್ಕಳದ್ದೂ ಹಾಕಲೇಬೇಕಾಗುತ್ತದೆ.

ಇನ್ನು ಜೋಡಣೆ. ಪತ್ರಿಕೆಗಳು ಜಾಗವನ್ನು ಕಾಲಂ ಮತ್ತು ಸೆಂಟಿಮೀಟರ್ ಲೆಕ್ಕದಲ್ಲಿ ಮಾರುತ್ತವೆ. ಎರಡು ಕಾಲಂ ಅಗಲ, 12 ಸೆಂಟಿಮೀಟರ್ ಎತ್ತರ ಎಂದರೆ 24 ಕಾಲಂ ಸೆಂಟಿಮೀಟರ್ ಆಯಿತು; ಶಿವಮೊಗ್ಗ ಆವೃತ್ತಿಗೆ ಮಾತ್ರವೋ ಎಲ್ಲ ಆವೃತ್ತಿಗಳಿಗೋ ಎಂಬುದರ ಮೇಲೆ ದರ ಬದಲಾಗುತ್ತದೆ. ಕಾಲಂನ ಅಗಲ ಪತ್ರಿಕೆಯಿಂದ ಪತ್ರಿಕೆಗೆ ಬೇರೆ ಇರುವುದರಿಂದ ಅದನ್ನು ಜಾಹೀರಾತು ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಬೇಕು. ಎರಡು ಕಾಲಂ ಸುಮಾರು 8 ಸೆಂಟಿಮೀಟರ್ ಎಂದಿಟ್ಟುಕೊಂಡು, ಸುತ್ತ ಒಂದೇ ಒಂದು ತೆಳು ಗೆರೆಯ ಚೌಕಟ್ಟು ಹಾಕಿ, ಒಳಗೆ ನಾಲ್ಕು ಮಿಲಿಮೀಟರ್ ಖಾಲಿ ಬಿಡಿ. ಭಾವಚಿತ್ರ ಎರಡೂವರೆ ಸೆಂಟಿಮೀಟರ್ ಅಗಲ, ಮೂರು ಸೆಂಟಿಮೀಟರ್ ಎತ್ತರವಿದ್ದು ಎಡಗಡೆಗಿರಲಿ. ಅದರ ಬಲಕ್ಕೆ ‘ನಿಧನ’ ಎಂಬುದು 14 ಪಾಯಿಂಟಿನಲ್ಲಿ, ಹೆಸರು 18 ಪಾಯಿಂಟಿನಲ್ಲಿ ನಿಲ್ಲಲಿ. ಪಠ್ಯಕ್ಕೆ 10 ಪಾಯಿಂಟ್ ಸಾಕು.

ಆದರೆ ಸಾಲುಗಳ ನಡುವಿನ ಅಂತರದಲ್ಲಿ ಜಿಪುಣತನ ಬೇಡ. ಕನ್ನಡದ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ, ಮುಂದಿನ ಸಾಲಿನ ಗುಣಿತ ಚಿಹ್ನೆ ಮೇಲೇರುತ್ತದೆ. 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಅಂತರ ಕೊಟ್ಟರೆ ಇವೆರಡೂ ಒಂದಕ್ಕೊಂದು ತಾಗುತ್ತವೆ. 15 ಪಾಯಿಂಟ್ ಇಟ್ಟರೆ ನಿರಾಳವಾಗಿ ಓದಬಹುದು. ಎರಡೂ ಅಂಚಿಗೆ ಸಮನಾಗಿ ಎಳೆದು ಜೋಡಿಸುವುದೂ ಇಕ್ಕಟ್ಟಿನ ಕಾಲಂನಲ್ಲಿ ಕೆಡುಕೇ, ಏಕೆಂದರೆ ನಮ್ಮ ಪದಗಳು ಉದ್ದ. ‘ನಡೆಯಲಿದೆ’ ಎಂಬುದು ಕೆಳಸಾಲಿಗೆ ಜಾರಿದ ಕೂಡಲೆ ಮೇಲಿನ ಸಾಲಿನ ಪದಗಳ ನಡುವೆ ದೊಡ್ಡ ಬಿರುಕು ಬೀಳುತ್ತದೆ. ಪಠ್ಯವನ್ನು ಎಡಕ್ಕೆ ಹೊಂದಿಸಿ ಬಲ ಅಂಚನ್ನು ಹಾಗೆಯೇ ಬಿಡಿ.

ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹಾಕಿದರೆ ಗಾಂಭೀರ್ಯ ಬರುತ್ತದೆ ಎಂದು ಅಂಗಡಿಯವರು ಹೇಳಬಹುದು. ಪತ್ರಿಕೆಯ ಕಾಗದದಲ್ಲಿ ಶಾಯಿ ಹರಡಿಕೊಳ್ಳುತ್ತದೆ, ಸಣ್ಣ ಬಿಳಿ ಅಕ್ಷರದ ಒತ್ತುಗಳು ಮುಚ್ಚಿಹೋಗುತ್ತವೆ. ಇದೇ ಕಾರಣಕ್ಕೆ ಭಾವಚಿತ್ರವೂ ಪರದೆಯ ಮೇಲೆ ಕಂಡದ್ದಕ್ಕಿಂತ ಕಪ್ಪಾಗಿ ಮುದ್ರಣವಾಗುತ್ತದೆ. ಆದ್ದರಿಂದ ಅದನ್ನು ಸ್ವಲ್ಪ ತಿಳಿಗೊಳಿಸಿ ಕೊಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕೈದಾಟಿ ಬಂದ ಚಿತ್ರ ಬೇಡ, ಮೂಲ ಫೋಟೊವನ್ನೇ ಸ್ಕ್ಯಾನ್ ಮಾಡಿಸಿ. ದೀಪ, ಹೂಮಾಲೆ, ಮೋಡದ ಚಿತ್ರಗಳನ್ನು ಬಿಟ್ಟರೆ ನಷ್ಟವೇನೂ ಇಲ್ಲ.

ಕರಡನ್ನು ಕಾಗದದ ಮೇಲೆ, ಮುದ್ರಣದ ಅಳತೆಯಲ್ಲೇ ತೆಗೆಸಿ ಓದಬೇಕು. ಅಂಗಡಿಗಳಲ್ಲಿ ಹಿಂದಿನ ಯಾವುದೋ ಮನೆಯ ಫೈಲನ್ನೇ ತಿದ್ದಿ ಹೊಸದನ್ನು ಮಾಡುವುದರಿಂದ ಹಳೆಯ ಫೋನ್ ಸಂಖ್ಯೆಯೋ ಇಸವಿಯೋ ಉಳಿದುಬಿಡುತ್ತದೆ. ಮುದ್ರಿತ ಸಂಖ್ಯೆಗೆ ಅಲ್ಲೇ ನಿಂತು ಒಮ್ಮೆ ಕರೆ ಮಾಡಿ ನೋಡುವುದು ಖಚಿತ ಪರೀಕ್ಷೆ. ನುಡಿ ತಂತ್ರಾಂಶದಲ್ಲಿ ಬೆರಳಚ್ಚಾದ ಪಠ್ಯ ಯೂನಿಕೋಡಿಗೆ ಬದಲಾಗುವಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಡುತ್ತವೆ, ಆದ್ದರಿಂದ ‘ಬಂಧುವರ್ಗ’, ‘ಶ್ರದ್ಧಾಂಜಲಿ’ಯಂಥ ಪದಗಳನ್ನು ಬೆರಳಿಟ್ಟು ನೋಡಿ. ಪತ್ರಿಕೆಗೆ ಕಳುಹಿಸುವಾಗ ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿದ ಪಿಡಿಎಫ್ ಕೊಟ್ಟರೆ ಅವರ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೂ ತೊಂದರೆಯಿಲ್ಲ. ಮರಣ ಪ್ರಮಾಣಪತ್ರ ಅಥವಾ ವೈದ್ಯರ ಪತ್ರ, ಜೊತೆಗೆ ಸೂಚನೆ ಕೊಡುವವರ ಗುರುತಿನ ಚೀಟಿಯನ್ನು ಅನೇಕ ಪತ್ರಿಕೆಗಳು ಕೇಳುತ್ತವೆ.

ಇದೇ ಪಠ್ಯವನ್ನು ಕಾರ್ಡಿಗೂ ಬಳಸಬಹುದು. ಅಂಚೆ ಕಾರ್ಡಿನ ಅಳತೆಯ, 14ಕ್ಕೆ 9 ಸೆಂಟಿಮೀಟರಿನ ಹೊಳಪಿಲ್ಲದ ದಪ್ಪ ಕಾಗದ, ಕಪ್ಪು ಶಾಯಿ ಒಂದೇ. ಪತ್ರಿಕೆಯಲ್ಲಿ ಹಿಡಿಸದ ದಾರಿಯ ವಿವರಕ್ಕೆ ಇಲ್ಲಿ ಜಾಗವಿದೆ: ಯಾವ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಎಷ್ಟು ದೂರ, ಮಳೆಗಾಲದಲ್ಲಿ ಕಾರು ಮನೆಯಂಗಳದವರೆಗೆ ಬರುತ್ತದೆಯೇ ಅಥವಾ ರಸ್ತೆಬದಿಯಲ್ಲೇ ನಿಲ್ಲಿಸಿ ನಡೆದು ಬರಬೇಕೇ ಎಂಬುದನ್ನು ಕೆಳಗೆ ಎರಡು ಸಾಲಿನಲ್ಲಿ ಬರೆಯಿರಿ. ಜುಲೈನಲ್ಲಿ ಹಂಚುವ ಕಾರ್ಡನ್ನು ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆಸಬೇಡಿ, ಹನಿ ತಾಗಿದರೆ ಅಕ್ಷರ ಹರಡುತ್ತದೆ. ಲೇಸರ್ ಅಥವಾ ಆಫ್‌ಸೆಟ್ ಮುದ್ರಣವೇ ಆಗಬೇಕು. ಹದಿಮೂರು ದಿನಗಳೊಳಗೆ ಅಂಚೆ ಎಲ್ಲ ಕಡೆಗೂ ತಲುಪುವುದೆಂಬ ಭರವಸೆ ಇಲ್ಲವಾದ್ದರಿಂದ ದೂರದವರಿಗೆ ಮೊದಲು, ಅಂತ್ಯಕ್ರಿಯೆಯ ಮಾರನೆಯ ದಿನವೇ ಕಳುಹಿಸಿ, ತಾಲ್ಲೂಕಿನೊಳಗಿನ ಮನೆಗಳಿಗೆ ಕೈಯಾರೆ ತಲುಪಿಸಬೇಕು.