192.168 ಹಿಡಿದು ಹೊರಗಿನಿಂದ ಬಾಗಿಲು ತಟ್ಟಬೇಡಿ

ಗೆಳೆಯನ ಮಗ ಫೋನ್ ಮಾಡಿದ್ದ. "ಅಂಕಲ್, ಮನೇಲಿದ್ದಾಗ ನನ್ನ ಕಂಪ್ಯೂಟರ್‌ಗೆ ಲ್ಯಾಪ್‌ಟಾಪ್‌ನಿಂದ ಚೆನ್ನಾಗೇ ಕನೆಕ್ಟ್ ಆಗ್ತಿತ್ತು. ಹಾಸ್ಟೆಲ್‌ಗೆ ಬಂದ್ಮೇಲೆ ಆಗ್ತಾನೇ ಇಲ್ಲ." ಯಾವ ವಿಳಾಸ ಹಾಕ್ತಿದೀಯ ಅಂದೆ. "192.168.1.10" ಅಂದ. ಅಲ್ಲಿಗೆ ಸಮಸ್ಯೆ ಗೊತ್ತಾಯಿತು. ರಿಮೋಟ್ ಆಕ್ಸೆಸ್ ಸೆಟಪ್ ಮಾಡಲು ಹೊರಟ ಎಷ್ಟೋ ಜನ ಎಡವುವುದು ಇಲ್ಲೇ. ಸಾಫ್ಟ್‌ವೇರನ್ನು ಮೂರು ಸಲ ತೆಗೆದು ಹಾಕುತ್ತಾರೆ, ವಿಳಾಸವನ್ನು ಮಾತ್ರ ಅನುಮಾನಿಸುವುದಿಲ್ಲ.

1. ಒಳಗಿನ ವಿಳಾಸ ಬರೆದುಕೊಳ್ಳಿ

ಇದು ಸುಲಭ. ವಿಂಡೋಸ್‌ನಲ್ಲಿ `ipconfig`, ಲಿನಕ್ಸ್‌ನಲ್ಲಿ `ip addr` ಎಂದು ಟೈಪ್ ಮಾಡಿ. 127.0.0.1 ಕಂಡರೆ ಬಿಟ್ಟುಬಿಡಿ, ಅದು ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. 169.254ರಿಂದ ಶುರುವಾದರೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ ಎಂದರ್ಥ, ಮೊದಲು ಕೇಬಲ್ ಅಥವಾ ವೈಫೈ ನೋಡಿ.

ಸಾಮಾನ್ಯವಾಗಿ ಸಿಗುವುದು 192.168 ಅಥವಾ 10ರಿಂದ ಶುರುವಾಗುವ ವಿಳಾಸ. 172.16ರಿಂದ 172.31ರವರೆಗಿನದೂ ಇದೇ ಜಾತಿ. ಇವು ಒಳಬಳಕೆಗೆ ಮೀಸಲು. ಲಾಡ್ಜ್‌ನ 101ನೇ ರೂಮಿನ ಹಾಗೆ, ಪ್ರತಿ ಲಾಡ್ಜ್‌ನಲ್ಲೂ ಒಂದು 101 ಇರುತ್ತದೆ. ಹುಡುಗ ಹಾಸ್ಟೆಲ್‌ನಲ್ಲಿ ಕುಳಿತು 192.168.1.10 ಎಂದು ಕರೆದಾಗ, ಕರೆ ಹೋಗಿದ್ದು ಹಾಸ್ಟೆಲ್‌ನದೇ 192.168.1.10ನ್ನು ಹುಡುಕಿಕೊಂಡು. ಅವನ ಮನೆಯ ಕಡೆ ಅದು ತಲೆಯನ್ನೂ ಹಾಕಲಿಲ್ಲ.

ಇನ್ನೊಂದು ಮಾತು. ಈ ವಿಳಾಸವನ್ನು ರೂಟರ್ ಬೇಕಾದಾಗ ಬದಲಿಸಬಹುದು. ಬ್ರೌಸರ್‌ನಲ್ಲಿ ತೆರೆಯುವ ರೂಟರ್ ಪುಟದಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಎಂಬ ಜಾಗವಿರುತ್ತದೆ. ಅಲ್ಲಿ ಈ ಕಂಪ್ಯೂಟರ್‌ಗೆ ಈ ವಿಳಾಸವೇ ಎಂದು ಕಟ್ಟಿಹಾಕಿ.

2. ಪೋರ್ಟ್ ತೆರೆದಿದೆಯೇ, ಮನೆಯೊಳಗೇ ನೋಡಿ

ಒಂದು ಕಂಪ್ಯೂಟರ್‌ಗೆ ವಿಳಾಸ ಒಂದೇ ಇದ್ದರೂ ಒಳಗೆ ಹತ್ತಾರು ಪ್ರೋಗ್ರಾಂಗಳು ಓಡುತ್ತಿರುತ್ತವೆ. ಬಂದ ಕರೆ ಯಾರಿಗೆ ಎಂದು ಹೇಳುವ ಸಂಖ್ಯೆಯೇ ಪೋರ್ಟ್. 65535ರವರೆಗೆ ಸಂಖ್ಯೆಗಳಿವೆ. ದೂರದ ಕಂಪ್ಯೂಟರನ್ನು ಕಮಾಂಡ್ ಟೈಪ್ ಮಾಡಿ ನಡೆಸಲು ಬಳಸುವ ಎಸ್‌ಎಸ್‌ಎಚ್ ಸಾಮಾನ್ಯವಾಗಿ 22ರಲ್ಲಿ ಕಾಯುತ್ತದೆ, ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ 3389ರಲ್ಲಿ. ಅಲ್ಲಿ ಯಾವ ಪ್ರೋಗ್ರಾಂ ಕೂಡ ಕಾಯುತ್ತಿಲ್ಲ ಎಂದಾದರೆ ಪೋರ್ಟ್ "ತೆರೆಯುವ" ಮಾತೇ ಇಲ್ಲ. ವಿಂಡೋಸ್ ಹೋಂ ಆವೃತ್ತಿಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೊರಗಿನಿಂದ ಬರಲು ಆಗುವುದೇ ಇಲ್ಲ. ಅದು ಗೊತ್ತಿಲ್ಲದೆ ರೂಟರ್ ಜತೆ ಗುದ್ದಾಡಿದವರನ್ನು ನೋಡಿದ್ದೇನೆ.

ಅದೇ ವೈಫೈನಲ್ಲಿರುವ ಇನ್ನೊಂದು ವಿಂಡೋಸ್ ಲ್ಯಾಪ್‌ಟಾಪ್‌ನ ಪವರ್‌ಶೆಲ್‌ನಲ್ಲಿ ಹೀಗೆ ಹೊಡೆಯಿರಿ:

```
Test-NetConnection 192.168.1.10 -Port 22
```

`TcpTestSucceeded : True` ಬಂದರೆ ಮುಂದಕ್ಕೆ ಹೋಗಿ. ಲಿನಕ್ಸ್‌ನಲ್ಲಾದರೆ `nc -vz 192.168.1.10 22`. ಅದು `refused` ಎಂದರೆ ಕಂಪ್ಯೂಟರ್ ಸಿಕ್ಕಿದೆ, ಆದರೆ ಆ ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಯಾರೂ ಕಾಯುತ್ತಿಲ್ಲ, ಅಂದರೆ ಸರ್ವಿಸ್ ಶುರುವಾಗಿಲ್ಲ. ಸುಮ್ನೆ ಕಾದು ಕಾದು `timed out` ಎಂದರೆ ಹೆಚ್ಚಾಗಿ ಫೈರ್‌ವಾಲ್ ಕರೆಯನ್ನು ನುಂಗಿದೆ, ಇಲ್ಲವೇ ವಿಳಾಸವೇ ತಪ್ಪು.

`ping` ಮಾಡಿ ನಿರ್ಧಾರಕ್ಕೆ ಬರಬೇಡಿ. ಪಿಂಗ್‌ಗೆ ಪೋರ್ಟ್ ಅನ್ನುವುದೇ ಇಲ್ಲ. ಪಿಂಗ್‌ಗೆ ಉತ್ತರ ಬಂದೂ 22 ಮುಚ್ಚಿರಬಹುದು. ಪಿಂಗ್‌ಗೆ ಉತ್ತರ ಬಾರದೆಯೂ 22 ತೆರೆದಿರಬಹುದು.

3. ಹೊರಗಿನ ವಿಳಾಸ ನಿಜಕ್ಕೂ ನಿಮ್ಮದೇ?

ಇಲ್ಲಿ ನಿಧಾನಿಸಿ. ಸಮಯ ಜಾಸ್ತಿ ಹಾಳಾಗುವುದು ಇಲ್ಲೇ.

ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದುಕೊಳ್ಳಬೇಕು. ಮೊದಲನೆಯದು, ಇಂಟರ್ನೆಟ್‌ಗೆ ನೀವು ಯಾವ ವಿಳಾಸದಿಂದ ಕಾಣುತ್ತೀರಿ ಎಂಬುದು. ಮನೆಯ ವೈಫೈನಲ್ಲಿದ್ದುಕೊಂಡು ಇದನ್ನು ಕೊಡಿ, ವಿಂಡೋಸ್ ಪವರ್‌ಶೆಲ್‌ನಲ್ಲಾದರೆ `curl` ಬದಲು `curl.exe` ಎಂದು ಹೊಡೆಯಿರಿ:

```
curl -4 ifconfig.me
```

ವಿಪಿಎನ್ ಹಾಕಿಕೊಂಡಿದ್ದರೆ ಆರಿಸಿ, ಇಲ್ಲದಿದ್ದರೆ ವಿಪಿಎನ್‌ನವರ ವಿಳಾಸ ಬರುತ್ತದೆ. ಎರಡನೆಯದು, ರೂಟರ್ ಪುಟದಲ್ಲಿ WAN ಅಥವಾ Internet ಎಂಬಲ್ಲಿ ಕಾಣುವ ವಿಳಾಸ.

ರಜೆಗೆ ಮನೆಗೆ ಬಂದಾಗ ಹುಡುಗ ಎರಡನ್ನೂ ನೋಡಿದ. ಮೊದಲನೆಯದು 203.0.113.45 ಎಂದಿಟ್ಟುಕೊಳ್ಳೋಣ; ಉದಾಹರಣೆ ಕೊಡಲೆಂದೇ ತೆಗೆದಿಟ್ಟ ವಿಳಾಸ ಅದು. ರೂಟರ್‌ನಲ್ಲಿದ್ದದ್ದು 100.72.18.5. ಎರಡೂ ಒಂದೇ ಆಗಿದ್ದರೆ ವಿಳಾಸ ಅವನ ರೂಟರ್‌ನದೇ. ಬೇರೆಬೇರೆ ಇದ್ದವು. ಅಷ್ಟೇ ಅಲ್ಲ, 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದು 2012ರಲ್ಲಿ ಬಿಟ್ಟುಕೊಡಲಾಗಿದೆ. ಅಂದರೆ ಕಂಪನಿ ತನ್ನ ಬಹಳಷ್ಟು ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸಿದೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ.

ಇಲ್ಲಿ ಪೋರ್ಟ್ ಫಾರ್ವರ್ಡ್, ಅಂದರೆ ಹೊರಗಿನ ಕರೆಯನ್ನು ಮನೆಯ ಇಂಥ ಕಂಪ್ಯೂಟರ್‌ಗೆ ದಾಟಿಸು ಎಂದು ರೂಟರ್‌ನಲ್ಲಿ ನಿಯಮ ಬರೆಯುವುದು, ಎಷ್ಟು ಮಾಡಿದರೂ ಪ್ರಯೋಜನವಿಲ್ಲ. ಹೊರಗಿನ ಕರೆ ಕಂಪನಿಯ ಯಂತ್ರದಲ್ಲೇ ನಿಂತುಹೋಗುತ್ತದೆ, ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಹುಡುಗ ಎರಡು ದಿನ ಕೂತು ಬರೆದ ನಿಯಮಗಳನ್ನು ಯಾವ ಪ್ಯಾಕೆಟ್ಟೂ ಮುಟ್ಟಿರಲಿಲ್ಲ. ಪರಿಹಾರ ಎರಡು. ಕಂಪನಿಗೆ ಪಬ್ಲಿಕ್ ಐಪಿ ಬೇಕೆಂದು ಕೇಳಿ. ಇಲ್ಲವೇ ಎರಡೂ ಕಡೆಯ ಕಂಪ್ಯೂಟರ್‌ಗಳು ತಾವೇ ಹೊರಗೆ ಕರೆ ಮಾಡಿ ನಡುವೆ ಸೇರುವ ಟೇಲ್‌ಸ್ಕೇಲ್‌ನಂಥದ್ದು ಬಳಸಿ.

ರೂಟರ್ ಪುಟದಲ್ಲಿ 192.168ರ ವಿಳಾಸವೇ ಕಂಡರೆ ಕಂಪನಿಯನ್ನು ಬೈಯುವ ಮೊದಲು ಗೋಡೆ ನೋಡಿ. ಅಲ್ಲಿ ಇನ್ನೊಂದು ಡಬ್ಬಿ ಇರಬಹುದು, ಅದೂ ರೂಟರ್ ಕೆಲಸ ಮಾಡುತ್ತಿರಬಹುದು.

4. ಹೊರಗಿನ ಪೋರ್ಟನ್ನು ಒಳಗಿನದಕ್ಕೆ ಜೋಡಿಸಿ

ಪಬ್ಲಿಕ್ ಐಪಿ ಸಿಕ್ಕಿತು, 203.0.113.80 ಎನ್ನೋಣ. ಹೊರಗಿನಿಂದ ಕರೆ ಬಂದರೆ ಮನೆಯ ಯಾವ ಕಂಪ್ಯೂಟರ್‌ಗೆ ಕಳಿಸಬೇಕೆಂದು ರೂಟರ್‌ಗೆ ಗೊತ್ತಿಲ್ಲ, ಎಸೆದುಬಿಡುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ ಒಂದೇ ನಿಯಮ ಸಾಕು: ಹೊರಗಿನ 50022ಕ್ಕೆ ಬಂದದ್ದು 192.168.1.10ರ 22ಕ್ಕೆ ಹೋಗಲಿ. ಆಮೇಲೆ:

```
ssh -p 50022 user@203.0.113.80
```

ಇದನ್ನು ಮನೆಯ ವೈಫೈನಿಂದ ಪರೀಕ್ಷಿಸಬೇಡಿ. ಒಳಗಿನಿಂದಲೇ ಹೊರವಿಳಾಸಕ್ಕೆ ಹೋಗಿ ಮರಳಿ ಬರುವುದು ಎಷ್ಟೋ ರೂಟರ್‌ಗಳಿಗೆ ಬರುವುದಿಲ್ಲ. ಲ್ಯಾಪ್‌ಟಾಪನ್ನು ಮೊಬೈಲ್ ಡೇಟಾಗೆ ಹಾಕಿ ನೋಡಿ.

"ಡಿಎಂಝಡ್ ಆನ್ ಮಾಡಿದರೆ ಮುಗೀತು" ಅನ್ನುವ ಅಡ್ಡದಾರಿ ಬೇಡವೇ ಬೇಡ. ಹೊರಗಿನಿಂದ ಬಂದ ಎಲ್ಲ ಪೋರ್ಟ್‌ಗಳ ಕರೆಯನ್ನೂ ಅದು ಒಂದೇ ಕಂಪ್ಯೂಟರ್ ಮೇಲೆ ಸುರಿಯುತ್ತದೆ. ಅಗ್ಗದ ಕ್ಯಾಮೆರಾಗಳು ಯುಪಿಎನ್‌ಪಿ ಬಳಸಿ ತಾವೇ ಪೋರ್ಟ್ ತೆರೆದುಕೊಳ್ಳುವುದೂ ಉಂಟು, ಆ ಸ್ವಿಚ್ ಆರಿಸಿಡಿ. 3389ನ್ನು ನೇರ ಹೊರಗೆ ಬಿಡಲೇಬೇಡಿ. 22ರ ಬದಲು 50022 ಹಾಕಿದ್ದರಿಂದ ಭದ್ರತೆ ಬಂತೆಂದೂ ಅಂದುಕೊಳ್ಳಬೇಡಿ, ಲಾಗ್‌ನಲ್ಲಿ ಗಲಾಟೆ ಕಮ್ಮಿಯಾಗುತ್ತದೆ ಅಷ್ಟೇ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಕೀ ಮಾತ್ರ ಇಡಿ.

ನನ್ನನ್ನು ಕೇಳಿದರೆ ಮನೆಯಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ, ಯುಡಿಪಿ 51820 ಒಂದನ್ನೇ ಬಿಡಿ. ಗುರುತಿಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಮೇಲಿನ ಪೋರ್ಟ್ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ಕನೆಕ್ಟ್ ಮಾಡಿ, `wg show`ನಲ್ಲಿ `latest handshake` ಕಂಡರೆ ಆಯಿತು. ಒಳಗೆ ಬಂದಮೇಲೆ ಅದೇ ಹಳೆಯ 192.168.1.10 ಬಳಸಬಹುದು, ವೈರ್‌ಗಾರ್ಡ್‌ನಲ್ಲಿ ಆ ದಾರಿಯನ್ನೂ ಬರೆದಿದ್ದರೆ. ಹಾಸ್ಟೆಲ್‌ನ ವೈಫೈ ಕೂಡ 192.168.1 ಸರಣಿಯನ್ನೇ ಬಳಸುತ್ತಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಅದಕ್ಕೇ ಮನೆಯ ರೂಟರ್ ಸರಣಿಯನ್ನು 192.168.73ರಂಥದ್ದಕ್ಕೆ ಮೊದಲೇ ಬದಲಿಸಿಟ್ಟುಕೊಳ್ಳುವುದು ಒಳ್ಳೆಯದು.

ಒಂದು ವಾರ ಎಲ್ಲ ಸರಿಯಿತ್ತು. ಮತ್ತೆ ಹುಡುಗನ ಫೋನ್: "ಅಂಕಲ್, ಮತ್ತೆ ಆಗ್ತಿಲ್ಲ!" ಮನೆಯಲ್ಲಿ ರೂಟರ್ ಆರಿಸಿ ಹಾಕಿದ್ದರಂತೆ, ಹೊರವಿಳಾಸ ಬದಲಾಗಿತ್ತು. ಕಂಪನಿ ಕೊಟ್ಟಿದ್ದು ಪಬ್ಲಿಕ್ ಐಪಿ, ಸ್ಥಿರ ಐಪಿ ಅಲ್ಲ. ಅಮ್ಮನಿಗೆ ಫೋನ್ ಮಾಡಿ ರೂಟರ್ ಪುಟದಿಂದ ಹೊಸ ಸಂಖ್ಯೆ ಓದಿಸಿಕೊಂಡು ಒಳಗೆ ಹೋದ. ಹೋದವನು ಮೊದಲು ಮಾಡಿದ ಕೆಲಸ, ರೂಟರ್‌ನಲ್ಲಿ ಡೈನಮಿಕ್ ಡಿಎನ್‌ಎಸ್ ಹಾಕಿ ಸಂಖ್ಯೆಯ ಬದಲು ಒಂದು ಹೆಸರು ಇಟ್ಟುಕೊಂಡದ್ದು.