ಮಗ್ಗುಲಾದರೆ ತಲೆಸುತ್ತು: ಒಳಕಿವಿಯ ಹರಳನ್ನು ವಾಪಸ್ ಕಳಿಸುವುದು ಹೀಗೆ

ಮಂಡ್ಯದ 58ರ ಗೃಹಿಣಿ ಒಬ್ಬರು ಅಂದುಕೊಳ್ಳಿ. ಬೆಳಗಿನ ಜಾವ ಬಲಕ್ಕೆ ಮಗ್ಗುಲಾಗುತ್ತಿದ್ದಂತೆ ಕೋಣೆ ಗಿರ್ರನೆ ತಿರುಗುತ್ತದೆ. "ಮಂಚನೇ ಮಗುಚ್ಕೊಂಡಂಗಾಯ್ತು ಕಣವ್ವ" ಎಂದು ಮಗಳನ್ನು ಕೂಗುತ್ತಾರೆ. ಅರ್ಧ ನಿಮಿಷಕ್ಕೆ ಸರಿಹೋಗುತ್ತದೆ. ಎಡಕ್ಕೆ ಮಲಗಿದರೆ ಏನೂ ಇಲ್ಲ. ಮನೆಯವರು ಬಿಪಿ, ಪಿತ್ತ ಅನ್ನುತ್ತಾರೆ. ಬಿಪಿಗೆ ಎಡ ಬಲ ಎಲ್ಲಿ ಗೊತ್ತಾಗುತ್ತೆ, ಅಲ್ವಾ?

ತಪ್ಪು ಒಳಕಿವಿಯದು. ಅಲ್ಲಿ ಒಂದು ಪುಟ್ಟ ಚೀಲದೊಳಗೆ ಸುಣ್ಣದ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಾಗಿಯೋ, ತಲೆಗೆ ಪೆಟ್ಟು ಬಿದ್ದೋ ಕೆಲವು ಕಳಚಿ, ಪಕ್ಕದ ಅರ್ಧವೃತ್ತದ ನಾಳಗಳಿಗೆ ಜಾರುತ್ತವೆ. ಹೆಚ್ಚಾಗಿ ಸೇರುವುದು ಹಿಂಬದಿಯ ನಾಳಕ್ಕೆ, ಅದು ಎಲ್ಲಕ್ಕಿಂತ ತಗ್ಗಿನಲ್ಲಿದೆ. ನಾಳದ ತುಂಬ ದ್ರವ. ಮಲಗಿದಾಗ ಹರಳು ಅದರಲ್ಲಿ ಮುಳುಗುತ್ತಾ ದ್ರವವನ್ನೂ ಎಳೆಯುತ್ತದೆ. ತಲೆ ನಿಂತಿದ್ದರೂ ತಿರುಗುತ್ತಿದೆ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಹರಳು ತಳಕ್ಕೆ ಕೂತಾಗ ಸುತ್ತೂ ನಿಲ್ಲುತ್ತದೆ. ಒಂದೇ ನಿಮಿಷದೊಳಗೆ ಮುಗಿಯುವುದು ಇದಕ್ಕೇ.

ಯಾವ ಕಿವಿ ಎಂದು ಮೊದಲು ಗೊತ್ತಾಗಬೇಕು. ಇಎನ್‌ಟಿ ವೈದ್ಯರು ತಲೆಯನ್ನು 45 ಡಿಗ್ರಿ ಒಂದು ಬದಿಗೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ಕಣ್ಣು ನೋಡುತ್ತಾರೆ. ಒಂದೆರಡು ಕ್ಷಣ ಬಿಟ್ಟು ಕಣ್ಣುಗುಡ್ಡೆ ಮೇಲಕ್ಕೆ ಹಾರುತ್ತಾ ತಿರುಚಿದಂತೆ ಕುಣಿದರೆ, ಕೆಳಗಿರುವ ಕಿವಿಯ ಹಿಂಬದಿ ನಾಳವೇ ಕಾರಣ. ಕಣ್ಣು ಅಡ್ಡಕ್ಕೆ ಕುಣಿದರೆ ನಾಳ ಬೇರೆ, ವಿಧಾನವೂ ಬೇರೆ. ಆಗ ಮುಂದೆ ಹೇಳುವ ವಿಧಾನ ನಡೆಯುವುದಿಲ್ಲ.

ಇನ್ನು ಹರಳನ್ನು ವಾಪಸ್ ಕಳಿಸುವ ಎಪ್ಲಿ ವಿಧಾನ. ನಮ್ಮ ಗೃಹಿಣಿಯದು ಬಲಗಿವಿ. ಹಾಸಿಗೆ ಮೇಲೆ ಕಾಲು ಚಾಚಿ ಕೂತು ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಬೇಕು. ಹಾಗೇ ಹಿಂದಕ್ಕೆ ಮಲಗಬೇಕು. ದಿಂಬು ಭುಜದ ಕೆಳಗಿರಲಿ, ತಲೆ ಸ್ವಲ್ಪ ಇಳಿಬಿದ್ದಿರಲಿ. ಸುತ್ತು ಬರುತ್ತದೆ, ಬರಲಿ. ಅದು ನಿಂತ ಮೇಲೂ ಅರ್ಧ ನಿಮಿಷ ಕಾಯಬೇಕು. ಆಮೇಲೆ ತಲೆ ಎತ್ತದೆ ಎಡಕ್ಕೆ 90 ಡಿಗ್ರಿ ತಿರುಗಿಸಿ ಮತ್ತೆ ಅರ್ಧ ನಿಮಿಷ. ನಂತರ ಎಡ ಮಗ್ಗುಲಿಗೆ ಹೊರಳಿ, ಮೂಗು ನೆಲದ ಕಡೆಗೆ ಬರುವಂತೆ ಇನ್ನಷ್ಟು ತಿರುಗಿಸಿ ಅಷ್ಟೇ ಹೊತ್ತು. ಕೊನೆಗೆ ಗದ್ದ ತಗ್ಗಿಸಿಕೊಂಡೇ ಎಡಗಡೆಯಿಂದ ನಿಧಾನಕ್ಕೆ ಎದ್ದು ಕೂರಬೇಕು. ಪ್ರತಿ ತಿರುವಿಗೂ ಹರಳು ನಾಳದಲ್ಲಿ ಮುಂದಕ್ಕೆ ಜಾರಿ, ಕೊನೆಗೆ ತನ್ನ ಚೀಲಕ್ಕೆ ಬೀಳುತ್ತದೆ. ಎಡಗಿವಿಯಾದರೆ ಎಲ್ಲ ಉಲ್ಟಾ.

ಜಾಸ್ತಿ ಜನ ಎಡವುವುದು ನಡುವೆ. ಭಯಕ್ಕೆ ತಟ್ಟನೆ ಎದ್ದು ಕೂತರೆ ಹರಳು ಬಂದ ದಾರಿಯಲ್ಲೇ ವಾಪಸ್. ಮೊದಲ ಸಲ ವೈದ್ಯರ ಕೈಯಲ್ಲೇ ಮಾಡಿಸಿಕೊಳ್ಳಿ. ಕತ್ತಿನ ಮೂಳೆ ಸವೆದವರಂತೂ ಮನೆಯಲ್ಲಿ ಪ್ರಯತ್ನಿಸಬೇಡಿ. ತಲೆಸುತ್ತಿನ ಮಾತ್ರೆ ಹೊಟ್ಟೆ ತೊಳಸುವುದನ್ನು ತಗ್ಗಿಸುತ್ತದೆ, ಹರಳನ್ನು ಕದಲಿಸುವುದಿಲ್ಲ. ತಿಂಗಳುಗಟ್ಟಲೆ ಸುಮ್ನೆ ನುಂಗಿ ಏನು ಬಂತು?

ಸುತ್ತು ನಿಲ್ಲದೇ ಗಂಟೆಗಟ್ಟಲೆ ಇದ್ದರೆ, ಮಾತು ತೊದಲಿದರೆ, ಎರಡೆರಡು ಕಂಡರೆ, ನಡೆಯಲಾಗದಿದ್ದರೆ, ಕೈಕಾಲು ಬಲ ಕಳೆದುಕೊಂಡರೆ ಅದು ಹರಳಿನ ಕತೆಯಲ್ಲ. ಪಾರ್ಶ್ವವಾಯು ಇರಬಹುದು. ಆ ಹೊತ್ತಿಗೆ ದಿಂಬು ಹುಡುಕಬೇಡಿ, ಆಂಬುಲೆನ್ಸ್‌ಗೆ 108 ಒತ್ತಿ.