ತೀವ್ರ ಅಪೌಷ್ಟಿಕತೆಯ ಮಗುವಿಗೆ ಹಾಲಿನ ಆಹಾರ: ಅಳತೆ ಲೆಕ್ಕ ಹಾಕುವುದು ಹೇಗೆ?

ಎಲುಬು ಕಾಣುವಷ್ಟು ಸೊರಗಿದ ಮಗುವಿಗೆ ಮೊದಲ ದಿನವೇ ಹೊಟ್ಟೆ ತುಂಬ ಉಣಿಸಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬಹುಕಾಲ ಆಹಾರದ ಕೊರತೆಗೆ ಒಗ್ಗಿಹೋದ ಆ ದೇಹದಲ್ಲಿ ಹೃದಯ, ಮೂತ್ರಪಿಂಡ, ಯಕೃತ್ತುಗಳೆಲ್ಲ ನಿಧಾನಗತಿಯಲ್ಲಿ ಕೆಲಸ ಮಾಡುತ್ತಿರುತ್ತವೆ. ಒಮ್ಮೆಗೇ ಹೆಚ್ಚು ಆಹಾರ ಬಂದರೆ ರಕ್ತದಲ್ಲಿರುವ ಪೊಟ್ಯಾಸಿಯಂ ಮತ್ತು ಫಾಸ್ಫೇಟ್ ಜೀವಕೋಶಗಳೊಳಗೆ ನುಗ್ಗಿ, ಹೃದಯದ ಬಡಿತವೇ ಹದ ತಪ್ಪುವ ಸಂಭವವಿದೆ. ಆದ್ದರಿಂದಲೇ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ, ಅಂದರೆ ಎನ್‌ಆರ್‌ಸಿಗಳಲ್ಲಿ, ಚಿಕಿತ್ಸೆಯ ಹಾಲನ್ನು ಮಿಲಿಲೀಟರ್ ಲೆಕ್ಕದಲ್ಲಿ ಅಳೆದು ಹಂತಹಂತವಾಗಿ ಕೊಡುತ್ತಾರೆ. ಇದು ವೈದ್ಯರ ನಿಗಾದಲ್ಲಿ ನಡೆಯಬೇಕಾದ ಚಿಕಿತ್ಸೆಯೇ ಹೊರತು ಮನೆಯಲ್ಲಿ ಮಾಡಿನೋಡುವ ಪಥ್ಯವಲ್ಲ.

ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇರುವ, ಎತ್ತರಕ್ಕೆ ತಕ್ಕ ತೂಕ ಬಹಳ ಕಡಿಮೆ ಇರುವ ಅಥವಾ ಎರಡೂ ಪಾದಗಳಲ್ಲಿ ಬಾವು ಕಾಣಿಸಿಕೊಂಡಿರುವ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳು ಈ ಗುಂಪಿಗೆ ಸೇರುತ್ತಾರೆ. ಇವರಲ್ಲಿ ಹಸಿವೇ ಸತ್ತುಹೋದವರನ್ನು ಅಥವಾ ಬೇರೆ ಕಾಯಿಲೆಯೂ ಇರುವವರನ್ನು ಕೇಂದ್ರಕ್ಕೆ ದಾಖಲಿಸಿಕೊಳ್ಳಲಾಗುತ್ತದೆ. 14 ತಿಂಗಳ, 6.4 ಕೆ.ಜಿ. ತೂಕದ, ಬಾವು ಇಲ್ಲದ ಒಂದು ಮಗುವನ್ನು ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕವನ್ನು ನೋಡೋಣ.

ಮೊದಲ ಹಂತದ ಹಾಲಿಗೆ ಎಫ್‌-75 ಎಂದು ಹೆಸರು, 100 ಮಿ.ಲೀ.ಯಲ್ಲಿ 75 ಕಿಲೊ ಕ್ಯಾಲೊರಿ ಇರುವುದರಿಂದ ಈ ಹೆಸರು ಬಂದಿದೆ. ಇದರಲ್ಲಿ ಪ್ರೋಟೀನನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ಸಿದ್ಧ ಪುಡಿ ಇಲ್ಲದ ಕಡೆ 300 ಮಿ.ಲೀ. ಹಸುವಿನ ಹಾಲು, 90 ಗ್ರಾಂ ಸಕ್ಕರೆ ಮತ್ತು 20 ಗ್ರಾಂ ಅಡುಗೆ ಎಣ್ಣೆಗೆ ಕುದಿಸಿ ಆರಿಸಿದ ನೀರು ಸೇರಿಸಿ ಒಟ್ಟು ಒಂದು ಲೀಟರ್ ಮಾಡುತ್ತಾರೆ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಒಂದು ಲೀಟರ್ ನೀರನ್ನೇ ಪ್ರತ್ಯೇಕವಾಗಿ ಸುರಿಯುವುದು. ಹಾಗೆ ಮಾಡಿದರೆ ಹಾಲು ತೆಳ್ಳಗಾಗಿ, ಅಳತೆ ಸರಿಯಿದ್ದರೂ ಮಗುವಿಗೆ ಸಿಗಬೇಕಾದ ಶಕ್ತಿ ಸಿಗುವುದಿಲ್ಲ. ನೀರನ್ನು ಪಾತ್ರೆಯ ಒಂದು ಲೀಟರ್ ಗೆರೆಯವರೆಗೆ ಮಾತ್ರ ಸೇರಿಸಬೇಕು. ಮೊದಲು ಸಕ್ಕರೆ ಮತ್ತು ಎಣ್ಣೆಯನ್ನು ಕಲಸಿ, ಅದಕ್ಕೆ ಹಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕಡೆದರೆ ಎಣ್ಣೆ ಮೇಲೆ ತೇಲುವುದಿಲ್ಲ. ತೇಲಿದರೆ ಒಂದು ಮಗುವಿಗೆ ಎಣ್ಣೆ ಹೆಚ್ಚಾಗಿ, ಇನ್ನೊಂದಕ್ಕೆ ಕಡಿಮೆಯಾಗಿ ಸಿಗುತ್ತದೆ. ಎಮ್ಮೆ ಹಾಲು ಗಟ್ಟಿಯಾದ್ದರಿಂದ ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಈಗ ಅಳತೆಯ ವಿಷಯ. ಮೊದಲ ಹಂತದಲ್ಲಿ ಮಗುವಿನ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 130 ಮಿ.ಲೀ. ಎಫ್‌-75 ಕೊಡಬೇಕು. ನಮ್ಮ ಮಗುವಿಗೆ 6.4 × 130, ಅಂದರೆ 832 ಮಿ.ಲೀ. ಮೊದಲ ದಿನ ಎರಡು ಗಂಟೆಗೊಮ್ಮೆ, ಒಟ್ಟು 12 ಬಾರಿ ಕೊಡುವುದರಿಂದ ಒಂದು ಬಾರಿಗೆ ಸುಮಾರು 70 ಮಿ.ಲೀ. ಆಗುತ್ತದೆ. ವಾಂತಿ, ಭೇದಿ ಕಡಿಮೆಯಾಗಿ ಮಗು ಹಾಲನ್ನು ಮುಗಿಸತೊಡಗಿದಂತೆ ಮೂರು ಗಂಟೆಗೊಮ್ಮೆ 105 ಮಿ.ಲೀ.ಗೂ, ಮುಂದೆ ನಾಲ್ಕು ಗಂಟೆಗೊಮ್ಮೆ 140 ಮಿ.ಲೀ.ಗೂ ಬದಲಾಯಿಸುತ್ತಾರೆ. ದಿನದ ಒಟ್ಟು ಮೊತ್ತ ಬದಲಾಗುವುದಿಲ್ಲ, ಅದನ್ನು ಹಂಚುವ ರೀತಿ ಮಾತ್ರ ಬದಲಾಗುತ್ತದೆ. ಮೊಣಕಾಲು, ಕೈ, ಮುಖದವರೆಗೂ ಬಾವು ಏರಿದ್ದರೆ ಆ ತೂಕದಲ್ಲಿ ನೀರಿನ ಪಾಲೂ ಇರುವುದರಿಂದ ಕೆ.ಜಿ.ಗೆ 130ರ ಬದಲು 100 ಮಿ.ಲೀ. ಲೆಕ್ಕ ಹಿಡಿಯಬೇಕು. ಬಾವು ಇಳಿದು ತೂಕ ಕಡಿಮೆಯಾಯಿತೆಂದು ಹಾಲನ್ನು ಕಡಿಮೆ ಮಾಡಬಾರದು. ಈ ಹಂತ ಮುಗಿಯುವವರೆಗೆ ದಾಖಲಾದ ದಿನದ ತೂಕವೇ ಆಧಾರ.

ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಬಟ್ಟಲು ಮತ್ತು ಚಮಚದಿಂದ ಕುಡಿಸಬೇಕು, ಬಾಟಲಿ ಬೇಡ. ಮಲಗಿಸಿ ಒಳಲೆಯಲ್ಲಿ ಹೊಯ್ಯುವ ಹಳೆಯ ಅಭ್ಯಾಸವಂತೂ ಖಂಡಿತ ಕೂಡದು, ಏಕೆಂದರೆ ನಿಶ್ಶಕ್ತ ಮಗುವಿಗೆ ಹಾಲು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ತಾಯಿಯ ಹಾಲನ್ನು ನಿಲ್ಲಿಸಬಾರದು, ಅದನ್ನು ಈ ಲೆಕ್ಕದಲ್ಲಿ ಕಳೆಯಲೂಬಾರದು. ಪ್ರತಿ ಬಾರಿ ಕೊಟ್ಟದ್ದೆಷ್ಟು, ಬಟ್ಟಲಲ್ಲಿ ಉಳಿದದ್ದೆಷ್ಟು, ವಾಂತಿಯಾದದ್ದು ಅಂದಾಜು ಎಷ್ಟು ಎಂದು ಬರೆದಿಡಬೇಕು. 70 ಮಿ.ಲೀ. ಕೊಟ್ಟಾಗ 15 ಉಳಿದು 10 ವಾಂತಿಯಾದರೆ ಮಗುವಿಗೆ ದಕ್ಕಿದ್ದು 45 ಮಾತ್ರ. ಸತತ ಎರಡು ಮೂರು ಬಾರಿ ಹೀಗೆ 80 ಶೇಕಡಾಕ್ಕಿಂತ, ಅಂದರೆ ಇಲ್ಲಿ 56 ಮಿ.ಲೀ.ಗಿಂತ ಕಡಿಮೆ ಸೇರಿದರೆ ಉಳಿದ ಹಾಲನ್ನು ಮೂಗಿನ ನಳಿಕೆಯ ಮೂಲಕ ಕೊಡಬೇಕಾಗುತ್ತದೆ. ಆಗಲೂ ಪ್ರತಿ ಬಾರಿ ಮೊದಲು ಬಾಯಿಗೆ ಕುಡಿಸಿ ನೋಡಬೇಕು.

ಹಗಲಿನ ಲೆಕ್ಕ ಸರಿಯಿದ್ದರೂ ಹೆಚ್ಚಿನ ಕಡೆ ಎಡವುವುದು ರಾತ್ರಿಯಲ್ಲಿ. ಮಲಗಿದ ಮಗುವನ್ನು ಎಬ್ಬಿಸಲು ಮನಸ್ಸಾಗದೆ ಎರಡು ಸರದಿ ತಪ್ಪಿದರೆ ರಕ್ತದ ಸಕ್ಕರೆ 54 ಮಿ.ಗ್ರಾಂ. ಮಟ್ಟಕ್ಕಿಂತ ಕೆಳಗಿಳಿಯಬಹುದು, ಮೈ ತಣ್ಣಗಾಗಬಹುದು. ಇಂಥ ಮಗು ಅಳುವುದೂ ಇಲ್ಲವಾದ್ದರಿಂದ ನಿದ್ದೆಗೂ ಪ್ರಜ್ಞೆ ತಪ್ಪುತ್ತಿರುವುದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ನನ್ನ ಮಟ್ಟಿಗೆ, ಇಡೀ ಚಾರ್ಟಿನಲ್ಲಿ ಮೊದಲು ನೋಡಬೇಕಾದ ಸಾಲು ಬೆಳಗಿನ ಜಾವ 2ರಿಂದ 4 ಗಂಟೆಯದು.

ಸಾಮಾನ್ಯವಾಗಿ 2ರಿಂದ 7 ದಿನಗಳಲ್ಲಿ ಹಸಿವು ಮರಳುತ್ತದೆ. ಮಗು ನಾಲ್ಕು ಗಂಟೆಯ ಬಟ್ಟಲನ್ನು ತಾನಾಗಿ ಮುಗಿಸಿ, ಇನ್ನೂ ಬೇಕೆಂದು ಚಮಚ ಹಿಡಿದೆಳೆಯುತ್ತದೆ, ಬಾವು ಇಳಿಯುತ್ತದೆ, ಕೆಲವೊಮ್ಮೆ ನಗುವೂ ಬರುತ್ತದೆ. ಆಗ ಎಫ್‌-100ಕ್ಕೆ ಬದಲಾಯಿಸಬಹುದು. ಈ ಹಾಲಿನಲ್ಲಿ ಪ್ರೋಟೀನು ಮೂರು ಪಟ್ಟಿಗೂ ಹೆಚ್ಚು. ಲೀಟರಿಗೆ 950 ಮಿ.ಲೀ. ಹಾಲು, 50 ಗ್ರಾಂ ಸಕ್ಕರೆ, 20 ಗ್ರಾಂ ಎಣ್ಣೆ ಸೇರುತ್ತವೆ. ಆರು ತಿಂಗಳೊಳಗಿನ ಮಕ್ಕಳಿಗೆ ಇದನ್ನು ಹೀಗೆಯೇ ಕೊಡುವಂತಿಲ್ಲ.

ಬದಲಾವಣೆಯ ಮೊದಲ 48 ಗಂಟೆ ಹಾಲಿನ ಬಗೆ ಮಾತ್ರ ಬದಲಾಗಬೇಕು, ಪ್ರಮಾಣ ಬದಲಾಗಬಾರದು. ಅದೇ 140 ಮಿ.ಲೀ. ಆರು ಬಾರಿ ಕೊಟ್ಟರೂ ಮಗುವಿಗೆ ಸಿಗುವ ಶಕ್ತಿ 630ರಿಂದ 840 ಕಿಲೊ ಕ್ಯಾಲೊರಿಗೆ ಏರಿರುತ್ತದೆ. ಮೂರನೆಯ ದಿನದಿಂದ ಪ್ರತಿ ಬಾರಿ 10 ಮಿ.ಲೀ.ನಂತೆ 150, 160 ಎಂದು ಹೆಚ್ಚಿಸುತ್ತ, ಬಟ್ಟಲಲ್ಲಿ ಸ್ವಲ್ಪ ಹಾಲು ಉಳಿಯತೊಡಗುವವರೆಗೆ ಮುಂದುವರಿಸುತ್ತಾರೆ. ಈ ತೂಕಕ್ಕೆ ಗರಿಷ್ಠ ಮಿತಿ ಒಂದು ಬಾರಿಗೆ 235 ಮಿ.ಲೀ.; ಇಲ್ಲಿಂದ ಮುಂದೆ ತೂಕ ಏರಿದಂತೆ ಮಿತಿಯನ್ನೂ ಹೊಸದಾಗಿ ಲೆಕ್ಕ ಹಾಕಬೇಕು.

ಈ ದಿನಗಳಲ್ಲಿ ನಾಲ್ಕು ಗಂಟೆಗೊಮ್ಮೆ ಉಸಿರು ಮತ್ತು ನಾಡಿಯನ್ನು ಎಣಿಸುವುದು ಕಡ್ಡಾಯ. ನಿಮಿಷಕ್ಕೆ 34 ಇದ್ದ ಉಸಿರು 40ಕ್ಕೂ, 118 ಇದ್ದ ನಾಡಿ 145ಕ್ಕೂ ಏರಿ, ನಾಲ್ಕು ಗಂಟೆಯ ನಂತರದ ಎಣಿಕೆಯಲ್ಲೂ ಹಾಗೆಯೇ ಇದ್ದರೆ ಅದನ್ನು ಹೃದಯ ಸೋಲುತ್ತಿರುವ ಸೂಚನೆಯೆಂದು ತಿಳಿದು ಕೂಡಲೇ ವೈದ್ಯರನ್ನು ಕರೆಯಬೇಕು. ಉಸಿರಿನಲ್ಲಿ 5, ನಾಡಿಯಲ್ಲಿ 25ರ ಏರಿಕೆಯೇ ಎಚ್ಚರಿಕೆಯ ಗೆರೆ. ಆಗ ಹಾಲನ್ನು ಒಂದು ದಿನ ಬಾರಿಗೆ 100 ಮಿ.ಲೀ.ಗೆ ಇಳಿಸಿ, ಮರುದಿನ 120, ಆಮೇಲೆ ಎರಡು ದಿನ 140 ಕೊಟ್ಟು, ನಂತರವಷ್ಟೇ 10ರಂತೆ ಮತ್ತೆ ಏರಿಸಲಾಗುತ್ತದೆ.

ಎಲ್ಲವೂ ಸರಿಯಾಗಿ ನಡೆದರೆ ಅದು ತೂಕದಲ್ಲಿ ಕಾಣುತ್ತದೆ. 6.5 ಕೆ.ಜಿ. ಇದ್ದ ಮಗು ಮೂರು ದಿನಗಳಲ್ಲಿ 6.75 ಆಯಿತೆನ್ನಿ, ಏರಿದ 250 ಗ್ರಾಂ ಅನ್ನು 6.5ರಿಂದಲೂ 3ರಿಂದಲೂ ಭಾಗಿಸಿದರೆ ದಿನಕ್ಕೆ ಕೆ.ಜಿ.ಗೆ ಸುಮಾರು 13 ಗ್ರಾಂ ಬರುತ್ತದೆ. 10ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು, 5ಕ್ಕಿಂತ ಕಡಿಮೆಯಾದರೆ ಏನೋ ತಪ್ಪಿದೆ. ಆಗ ರಾತ್ರಿಯ ಸರದಿಗಳನ್ನೂ ಹಾಲು ತಯಾರಿಸುವ ಕ್ರಮವನ್ನೂ ಮೊದಲು ಪರಿಶೀಲಿಸಿ, ಅವೆರಡೂ ಸರಿಯಿದ್ದರೆ ಕ್ಷಯ, ಮೂತ್ರದ ಸೋಂಕು, ಕಿವಿಯ ಸೋಂಕಿನಂಥ ಅಡಗಿದ ಕಾಯಿಲೆಗಳನ್ನು ಹುಡುಕಬೇಕು.